ಫ್ಲೂ ಹೋಗಿ ಐದು ವಾರ ಆಯ್ತು, ಕೆಮ್ಮು ಮಾತ್ರ ಬಿಡ್ತಿಲ್ಲ

ಟೀಚರ್, ದಾವಣಗೆರೆ

ಹೋದ ತಿಂಗಳು ಮನೆಮಂದಿಗೆಲ್ಲ ಫ್ಲೂ ಬಂದಿತ್ತು. ಜ್ವರ, ಮೈಕೈ ನೋವು ನಾಲ್ಕೈದು ದಿನಕ್ಕೆ ಇಳೀತು. ಒಣಕೆಮ್ಮು ಮಾತ್ರ ಐದು ವಾರ ಆದ್ರೂ ನಿಂತಿಲ್ಲ. ಗಂಟಲಲ್ಲಿ ಕೆರೆತ ಶುರುವಾಗುತ್ತೆ, ಆಮೇಲೆ ಕಣ್ಣಲ್ಲಿ ನೀರು ಬರೋವರೆಗೂ ಕೆಮ್ಮು. ಪಾಠ ಮಾಡೋಕೆ ಆಗ್ತಿಲ್ಲ. ಆಂಟಿಬಯೋಟಿಕ್ ಎರಡು ಕೋರ್ಸ್ ಮುಗೀತು. ನನಗೆ 47, ಬಿಪಿ ಮಾತ್ರೆ ತಗೋತೀನಿ, ಬೇರೆ ಏನೂ ಇಲ್ಲ. ಇದು ಇನ್ನೂ ಎಷ್ಟು ದಿನ? ಏನಾದ್ರೂ ಟೆಸ್ಟ್ ಮಾಡಿಸಬೇಕಾ? ಅನುಭವ ಇರೋರು ಹೇಳಿ.

ಶಿರಸಿಯ ಕೃಷಿಕ

ಅಕ್ಕ, ನಮ್ಮ ಮನೇಲಿ ಪ್ರತಿ ಮಳೆಗಾಲ ಇದೇ ಕಥೆ. ಜ್ಯೇಷ್ಠಮಧು, ಕಾಳುಮೆಣಸು, ಶುಂಠಿ ಹಾಕಿ ಕಷಾಯ ಕಾಯಿಸಿ ದಿನಕ್ಕೆ ಮೂರು ಹೊತ್ತು ಕುಡಿಯಿರಿ. ರಾತ್ರಿ ಮಲಗೋ ಮುಂಚೆ ಒಂದು ಚಮಚ ಜೇನುತುಪ್ಪ. ಗಂಟಲು ತಣ್ಣಗಾಗ್ತದೆ, ಖಂಡಿತ. ಆದ್ರೆ ಐದು ವಾರ ಅಂದ್ರೆ ಒಳಗೆ ಇನ್ನೂ ಇನ್‌ಫೆಕ್ಷನ್ ಉಳಿದಿದೆ ಅಂತಲೇ ಲೆಕ್ಕ. ನನಗೂ ಹಳದಿ ಕಫ ಬರ್ತಿತ್ತು. ಡಾಕ್ಟರು ಪವರ್ ಜಾಸ್ತಿ ಇರೋ ಆಂಟಿಬಯೋಟಿಕ್ ಕೊಟ್ಟ ಮೇಲೇ ವಾಸಿ ಆಗಿದ್ದು. ಅದನ್ನೂ ಒಮ್ಮೆ ಕೇಳಿ ನೋಡಿ.

ಎದೆರೋಗದ ವೈದ್ಯ, ಮೈಸೂರು

ಮೇಡಂ, ನಿಮ್ಮನ್ನು ಪರೀಕ್ಷೆ ಮಾಡದೆ ಇದೇ ಕಾಯಿಲೆ ಅಂತ ಹೇಳೋಕಾಗಲ್ಲ. ಆದರೂ ನೀವು ಬರೆದಿರೋ ಥರದ ಕೆಮ್ಮನ್ನ ನಾನು ದಿನಾ ನೋಡ್ತೀನಿ. ಫ್ಲೂ ವೈರಸ್ಸು ಶ್ವಾಸನಾಳದ ಒಳಪದರವನ್ನ ಕಿತ್ತು ಹಾಕಿ ಹೋಗುತ್ತೆ. ಅದರ ಅಡಿಯಲ್ಲಿರೋ ನರದ ತುದಿಗಳು ಗಾಳಿಗೆ, ಧೂಳಿಗೆ, ತಂಪಿಗೆ ನೇರವಾಗಿ ಸಿಗ್ತವೆ. ಅದಕ್ಕೇ ಜೋರಾಗಿ ಮಾತಾಡಿದರೆ, ನಕ್ಕರೆ, ಒಗ್ಗರಣೆ ಘಾಟು ಬಂದರೆ, ಊದಿನಕಡ್ಡಿ ಹಚ್ಚಿದರೆ ಕೆಮ್ಮು ಏಳೋದು. ವೈರಸ್ಸು ಆಗಲೇ ಹೋಗಿರುತ್ತೆ. ಪದರ ಮತ್ತೆ ಬೆಳೆಯೋಕೆ ಕೆಲವು ವಾರ ಬೇಕು, ನರಗಳ ಸಿಡುಕು ಇಳಿಯೋಕೆ ಇನ್ನೂ ಸ್ವಲ್ಪ ಜಾಸ್ತಿ. ಸಾಮಾನ್ಯವಾಗಿ ಎಂಟು ವಾರದೊಳಗೆ ತಾನಾಗೇ ನಿಲ್ಲುತ್ತೆ. ಒಂದೇ ದಿನದಲ್ಲಿ ನಿಲ್ಲಲ್ಲ. ಮೊದಲು ರಾತ್ರಿ ನಿದ್ದೆ ಸರಿಹೋಗುತ್ತೆ, ಆಮೇಲೆ ಹಗಲಿನ ಕೆಮ್ಮಿನ ನಡುವೆ ಬಿಡುವು ಜಾಸ್ತಿಯಾಗ್ತಾ ಹೋಗುತ್ತೆ.

ಇಂಥ ಕೆಮ್ಮಿಗೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ, ಕೊಲ್ಲೋಕೆ ಅಲ್ಲಿ ಬ್ಯಾಕ್ಟೀರಿಯಾನೇ ಇಲ್ಲ. ಕೃಷಿಕರು ಹೇಳಿದ ಹಳದಿ ಬಣ್ಣ ನಮ್ಮ ಬಿಳಿ ರಕ್ತಕಣಗಳಿಂದಲೂ ಬರುತ್ತೆ, ವೈರಸ್ ಸೋಂಕಿನಲ್ಲೂ ಬರುತ್ತೆ. ಬಣ್ಣ ನೋಡಿಯೇ ಔಷಧಿ ಬದಲಿಸೋಕಾಗಲ್ಲ. ಜೇನುತುಪ್ಪಕ್ಕೆ ನನ್ನ ತಕರಾರಿಲ್ಲ. ಆದರೆ ಜ್ಯೇಷ್ಠಮಧು ದಿನಾ ಮೂರು ಹೊತ್ತು ಬೇಡ ಮೇಡಂ. ಅದು ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತೆ, ಪೊಟ್ಯಾಸಿಯಂ ಇಳಿಸುತ್ತೆ, ಬಿಪಿ ಏರಿಸುತ್ತೆ. ನೀವು ಬಿಪಿ ಇರೋರು.

ಎರಡು ವಿಷಯ ತಿಳಿಸಿ. ಬಿಪಿ ಮಾತ್ರೆಯ ಹೆಸರೇನು, ಯಾವಾಗಿಂದ ತಗೋತಿದ್ದೀರಿ? ಎದೆ ಎಕ್ಸ್‌ರೇ ಆಗಿದೆಯಾ? ಕಫದಲ್ಲಿ ರಕ್ತ ಕಂಡರೆ, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ, ಬಿಟ್ಟ ಜ್ವರ ಮತ್ತೆ ಬಂದರೆ, ಉಸಿರು ಎಳೆದಾಗ ಎದೆಯ ಒಂದು ಕಡೆ ಚುಚ್ಚಿದರೆ ನನ್ನ ಉತ್ತರಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹುಬ್ಬಳ್ಳಿಯವ

ಟೀಚರ್ ರೀ, ನಮ್ಮ ಅಪ್ಪಾರಿಗೂ ಹಿಂಗ ಆಗಿತ್ತು. ಊರಾಗ ಎಲ್ಲಾರಿಗೂ ಫ್ಲೂ, ಅವರಿಗೂ ಬಂತು. ಕೆಮ್ಮು ನಿಲ್ಲಲಿಲ್ಲ. ಓಣ್ಯಾಗಿನ ಡಾಕ್ಟರ್ 'ಫ್ಲೂ ಆದಮ್ಯಾಲೆ ಹಿಂಗ ಇರ್ತದ' ಅಂತ ಬಾಟ್ಲಿ ಮ್ಯಾಲೆ ಬಾಟ್ಲಿ ಸಿರಪ್ ಕೊಟ್ರು. ಸಂಜಿಮುಂದ ಸಣ್ಣಗ ಮೈ ಬಿಸಿ ಆಗ್ತಿತ್ತು, ಅಂಗಿ ಸಡ್ಲ ಆಗಾಕತ್ತಿತ್ತು. ವಯಸ್ಸಾತಲ್ಲ, ಅದಕ್ಕ ಅಂತ ಎಲ್ಲಾರೂ ಅಂದ್ಕೊಂಡ್ವಿ. ಆಶಾ ಕಾರ್ಯಕರ್ತೆ ಅಕ್ಕಾರು ನೋಡಿ, ಕಫ ಪರೀಕ್ಷೆ ಮಾಡಿಸ್ರಿ ಅಂತ ಹಟಾ ಹಿಡಿದು ಸರ್ಕಾರಿ ದವಾಖಾನಿಗೆ ಕಳಿಸಿದ್ರು. ಟಿಬಿ ಬಂತು. ಆರು ತಿಂಗಳ ಗುಳಿಗಿ ಪುಕ್ಕಟೆ ಕೊಟ್ರು, ಈಗ ಗಟ್ಟಿ ಆಗ್ಯಾರ.

ನಿಮಗ ಅದ ಐತಿ ಅಂತ ಅನ್ನಾಕತ್ತಿಲ್ರೀ. ಆದ್ರ ನೀವು ಮಕ್ಕಳ ನಡುವ ಇರೋರು, ಒಂದ್ಸಲ ನೋಡಿಸ್ಕೊಳ್ರಿ. ಕಫ ಕೊಡಬೇಕಾದ್ರ ಉಗುಳು ಕೊಟ್ರ ನಡಿಯಂಗಿಲ್ಲ. ಬೆಳಿಗ್ಗೆ ಎದ್ದ ಕೂಡ್ಲೆ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರು ಎಳಕೊಂಡು, ಎದಿಯಿಂದ ಕೆಮ್ಮಿ ತೆಗೀಬೇಕು. ಅಪ್ಪಾರದು ಮೊದಲ್ನೇ ಡಬ್ಬಿ ಬರೇ ಉಗುಳಂತ ವಾಪಸ್ ಬಂದಿತ್ತು.

ಎದೆರೋಗದ ವೈದ್ಯ, ಮೈಸೂರು

ಹುಬ್ಬಳ್ಳಿಯವರು ಹೇಳಿದ್ದು ಬಹಳ ಮುಖ್ಯ, ನಾನು ಮೊದಲೇ ಬರೆಯಬೇಕಿತ್ತು. ಟಿಬಿ ಕಮ್ಮಿ ಇರೋ ದೇಶಗಳಲ್ಲಿ ಫ್ಲೂ ನಂತರದ ಕೆಮ್ಮಿಗೆ ಎಂಟು ವಾರ ಸುಮ್ಮನೆ ಕಾಯಬಹುದು. ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಯಾವ ಕೆಮ್ಮಿದ್ದರೂ ಟಿಬಿ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು, ರಾಷ್ಟ್ರೀಯ ಟಿಬಿ ಕಾರ್ಯಕ್ರಮದ ನಿಯಮವೇ ಅದು. ಕಫ ಬಂದರೆ ಅದರಲ್ಲಿ ಟಿಬಿ ಹುಡುಕೋ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆ, ಸರ್ಕಾರಿ ಕೇಂದ್ರಗಳಲ್ಲಿ ದುಡ್ಡಿಲ್ಲ. ಕಫವೇ ಬರದಿದ್ದರೆ ಕನಿಷ್ಠ ಎಕ್ಸ್‌ರೇ. ಹೆದರೋಕೆ ಹೇಳ್ತಿಲ್ಲ. ಇದೊಂದು ಅಲ್ಲ ಅಂತ ಆದರೆ ಉಳಿದ ವಾರಗಳನ್ನ ನೆಮ್ಮದಿಯಿಂದ ಕಾಯಬಹುದು.

ಬೆಂಗಳೂರು, ಪೀಣ್ಯ

ನಂದೂ ಹೀಗೇ ಫ್ಲೂ ಆದ ಮೇಲೆ ಶುರುವಾದದ್ದು. ಎಕ್ಸ್‌ರೇ ನಾರ್ಮಲ್, ಕಫ ನೆಗೆಟಿವ್. ಎರಡು ತಿಂಗಳು ಕಳೆದ್ರೂ ಬೆಳಗಿನ ಜಾವ ಮೂರು ಗಂಟೆಗೆ ಕರೆಕ್ಟಾಗಿ ಕೆಮ್ಮು ಎಬ್ಬಿಸ್ತಿತ್ತು. ಕೊನೆಗೆ ಒಬ್ರು ಊದೋ ಟೆಸ್ಟ್ ಮಾಡಿಸಿದ್ರು, ಸ್ಪೈರೋಮೆಟ್ರಿ ಅಂತ. ಒಂದ್ಸಲ ಊದಿ, ಔಷಧಿ ಎಳ್ಕೊಂಡು, ಕಾಲು ಗಂಟೆ ಬಿಟ್ಟು ಮತ್ತೆ ಊದೋದು. ಎರಡನೇ ಸಲ ಚೆನ್ನಾಗಿ ಊದಿದೆ. ಅಸ್ತಮಾ ಅಂದ್ರು! ಚಿಕ್ಕವನಿದ್ದಾಗ ಉಬ್ಬಸ ಇತ್ತು ಅಂತ ಅಮ್ಮ ಆಮೇಲೆ ಹೇಳಿದ್ರು. ಇನ್‌ಹೇಲರ್ ಶುರು ಮಾಡಿದ ಮೇಲೆ ರಾತ್ರಿ ನಿದ್ದೆ ಬರ್ತಿದೆ. ಮೇಡಂ, ನೀವೂ ಸುಮ್ನೆ ಇನ್‌ಹೇಲರ್ ತಗೊಂಡುಬಿಡಿ, ಟೈಮ್ ವೇಸ್ಟ್ ಮಾಡಬೇಡಿ.

ಟೀಚರ್, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಎಕ್ಸ್‌ರೇ ಮಾಡಿಸಿದೆ, ಕ್ಲಿಯರ್ ಇದೆ ಅಂದ್ರು. ಕಫ ಎಷ್ಟು ಪ್ರಯತ್ನಪಟ್ಟರೂ ಬರ್ತಿಲ್ಲ. ತೂಕ ಇಳಿದಿಲ್ಲ, ಸಂಜೆ ಜ್ವರ ಇಲ್ಲ, ಎದೆಯಲ್ಲಿ ಸಿಳ್ಳೆ ಶಬ್ದ ಇಲ್ಲ. ಮಾತ್ರೆ ರಾಮಿಪ್ರಿಲ್ 5 ಎಂಜಿ, ಫ್ಲೂ ಬರೋಕೆ ಎರಡು ತಿಂಗಳು ಮುಂಚೆ ಶುರು ಮಾಡಿದ್ದು. ಆವಾಗ ಕೆಮ್ಮು ಇರಲಿಲ್ಲ. ಅಲ್ಲೊಮ್ಮೆ ಇಲ್ಲೊಮ್ಮೆ ಗಂಟಲು ಸರಿ ಮಾಡ್ಕೋತಿದ್ದೆ ಅಂತ ಮನೆಯವರು ಹೇಳ್ತಾರೆ, ನನಗೆ ನೆನಪಿಲ್ಲ.

ಎದೆರೋಗದ ವೈದ್ಯ, ಮೈಸೂರು

ಇದನ್ನೇ ಹುಡುಕ್ತಿದ್ದೆ. ರಾಮಿಪ್ರಿಲ್, ಎನಾಲಪ್ರಿಲ್ ಈ ಗುಂಪಿನ ಮಾತ್ರೆ ತಗೊಳ್ಳೋರಲ್ಲಿ ಕೆಲವರಿಗೆ ಇಂಥದ್ದೇ ಒಣಕೆಮ್ಮು ಬರುತ್ತೆ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಆ ಮಾತ್ರೆ ತಡೆಯೋ ಕಿಣ್ವವೇ ಶ್ವಾಸನಾಳದಲ್ಲಿ ಬ್ರಾಡಿಕೈನಿನ್ ಅನ್ನೋ ವಸ್ತುವನ್ನೂ ಒಡೆಯಬೇಕು. ಒಡೆಯದೆ ಉಳಿದರೆ ಕೆಮ್ಮಿನ ನರಗಳು ಸಣ್ಣದಕ್ಕೂ ಕೆರಳ್ತವೆ. ಮಾತ್ರೆ ಶುರು ಮಾಡಿದ ಮರುದಿನವೇ ಬರಬೇಕು ಅಂತಿಲ್ಲ, ತಿಂಗಳುಗಳ ನಂತರವೂ ಬರಬಹುದು. ನಿಮ್ಮಲ್ಲಿ ಫ್ಲೂ ಹಚ್ಚಿದ್ದನ್ನ ಈ ಮಾತ್ರೆ ಆರೋಕೆ ಬಿಡ್ತಿಲ್ಲ ಅನ್ನೋ ಅನುಮಾನ ನನಗಿದೆ. ಅನುಮಾನ ಅಷ್ಟೇ. ಫ್ಲೂ ಒಂದರಿಂದಲೇ ಐದು ವಾರ ಕೆಮ್ಮು ಇರೋದೂ ಸಹಜವೇ.

ದಯವಿಟ್ಟು ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ, ಬಿಪಿ ಏರಿದರೆ ಕೆಮ್ಮಿಗಿಂತ ದೊಡ್ಡ ತೊಂದರೆ. ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ, ಟೆಲ್ಮಿಸಾರ್ಟನ್ ಥರದ್ದಕ್ಕೆ ಬದಲಿಸಬಹುದಾ ಅಂತ ಕೇಳಿ. ಅದರಲ್ಲಿ ಈ ಕೆಮ್ಮಿನ ಕಾಟ ಬಹಳ ಕಮ್ಮಿ. ಬದಲಿಸಿದ ಮೇಲೂ ಕೆಮ್ಮು ಇಳಿಯೋಕೆ ಒಂದರಿಂದ ನಾಲ್ಕು ವಾರ ಹಿಡಿಯುತ್ತೆ, ಕೆಲವರಿಗೆ ಮೂರು ತಿಂಗಳೂ ಆಗುತ್ತೆ. ಮೂರೇ ದಿನಕ್ಕೆ ಪ್ರಯೋಜನ ಆಗಲಿಲ್ಲ ಅಂತ ತೀರ್ಮಾನಿಸಬೇಡಿ.

ಪೀಣ್ಯದವರೇ, ನಿಮಗೆ ಟೆಸ್ಟ್ ಮಾಡಿ ಇನ್‌ಹೇಲರ್ ಕೊಟ್ಟಿದ್ದು ಸರಿಯಾಗಿದೆ. ನಿಮ್ಮಲ್ಲಿ ಬಾಲ್ಯದ ಉಬ್ಬಸ ಇತ್ತು, ಬೆಳಗಿನ ಜಾವದ ಕೆಮ್ಮಿತ್ತು. ಟೀಚರ್ ಅವೆರಡನ್ನೂ ಹೇಳಿಲ್ಲ, ಎದೆಯಲ್ಲಿ ಸಿಳ್ಳೆ ಶಬ್ದವೂ ಇಲ್ಲ ಅಂದಿದ್ದಾರೆ. ಮೊದಲೇ ಸ್ಟೀರಾಯ್ಡ್ ಇನ್‌ಹೇಲರ್ ಶುರು ಮಾಡಿದರೆ ಮುಂದೆ ಊದೋ ಟೆಸ್ಟ್‌ನಲ್ಲಿ ಅಸ್ತಮಾ ಇದ್ದರೂ ಕಾಣದೆ ಹೋಗಬಹುದು. ಎಂಟು ವಾರ ಮುಗಿದರೂ ಕೆಮ್ಮು ಇದ್ದರೆ ಆವಾಗ ಸ್ಪೈರೋಮೆಟ್ರಿ. ಮೂಗಿನ ಹಿಂದಿಂದ ಗಂಟಲಿಗೆ ಸಿಂಬಳ ಇಳೀತಿದೆಯಾ, ರಾತ್ರಿ ಎದೆಯುರಿ ಇದೆಯಾ ಅನ್ನೋದನ್ನೂ ಆವಾಗಲೇ ನೋಡೋದು.

ಶಿರಸಿಯ ಕೃಷಿಕ

ಜ್ಯೇಷ್ಠಮಧು ಬಿಪಿ ಏರಿಸ್ತದೆ ಅಂತ ಗೊತ್ತಿರಲಿಲ್ಲ ಡಾಕ್ಟ್ರೇ. ಅಮ್ಮನಿಗೂ ಬಿಪಿ ಇದೆ, ಇವತ್ತೇ ಕಷಾಯದಿಂದ ತೆಗೆಸ್ತೇನೆ. ಆಂಟಿಬಯೋಟಿಕ್ ವಿಷಯ ಮಾತ್ರ ನನಗೆ ಇನ್ನೂ ಒಪ್ಪಿಗೆ ಆಗಲಿಲ್ಲ, ನನಗೆ ಅದು ಕೆಲಸ ಮಾಡಿದ್ದು ಹೌದು.

ಎದೆರೋಗದ ವೈದ್ಯ, ಮೈಸೂರು

ನಿಮಗೆ ನಿಜವಾಗಿ ಬ್ಯಾಕ್ಟೀರಿಯಾ ಸೋಂಕೇ ಆಗಿದ್ದಿರಬಹುದು, ಅಥವಾ ಕೆಮ್ಮು ತಾನಾಗೇ ಇಳಿಯೋ ಹೊತ್ತಿಗೆ ಮಾತ್ರೆ ಶುರುವಾಗಿರಬಹುದು. ಇಲ್ಲಿಂದ ನನಗೆ ತಿಳಿಯಲ್ಲ.

ಟೀಚರ್‌ಗೆ ಇನ್ನೊಂದು ಮಾತು. ಒಂದು ಸಲ ಕೆಮ್ಮಿದರೆ ಆ ಉಜ್ಜಿನಿಂದಲೇ ಇನ್ನೊಂದು ಕೆಮ್ಮು ಹುಟ್ಟುತ್ತೆ. ಕೆರೆತ ಶುರುವಾದ ಆ ಕ್ಷಣ ಬಾಯಿ ಮುಚ್ಚಿ, ಒಂದು ಗುಟುಕು ನೀರು ನುಂಗಿ, ಮೂಗಿನಲ್ಲೇ ನಿಧಾನಕ್ಕೆ ಉಸಿರಾಡಿ. ಇಪ್ಪತ್ತು ಮೂವತ್ತು ಸೆಕೆಂಡ್ ತಡೆದರೆ ಎಷ್ಟೋ ಸಲ ಕೆರೆತ ಹಾದುಹೋಗುತ್ತೆ. ಬೋರ್ಡ್ ಒರೆಸೋ ಕೆಲಸ ಮಕ್ಕಳಿಗೆ ಬಿಡಿ, ಡಸ್ಟರ್ ಒದ್ದೆ ಮಾಡಿಸಿ, ಸಾಧ್ಯವಾದರೆ ಮೈಕ್ ಹಾಕ್ಕೊಳ್ಳಿ.

ಟೀಚರ್, ದಾವಣಗೆರೆ

ಹೇಳೋದು ತಡವಾಯ್ತು, ಕ್ಷಮಿಸಿ. ಡಾಕ್ಟರು ಮಾತ್ರೆ ಬದಲಿಸಿದ್ರು. ರಾತ್ರಿ ಕೆಮ್ಮು ಹೆಚ್ಚುಕಮ್ಮಿ ನಿಂತಿದೆ. ಹಗಲು, ಅದರಲ್ಲೂ ಮಧ್ಯಾಹ್ನದ ಪೀರಿಯಡ್‌ನಲ್ಲಿ, ಇನ್ನೂ ಬರುತ್ತೆ. ಗುಟುಕು ನೀರಿನ ಉಪಾಯ ಹಲವು ಸಲ ಕೈ ಹಿಡೀತು, ಕೆಲವು ಸಲ ಇಲ್ಲ. ಮಾತ್ರೆ ಬದಲಿಸಿದ್ದರಿಂದಲೋ ದಿನ ಕಳೆದಿದ್ದರಿಂದಲೋ ಗೊತ್ತಾಗ್ತಿಲ್ಲ. ಮತ್ತೆ ಹಳೇ ಮಾತ್ರೆ ತಗೊಂಡು ನೋಡಿದ್ರೆ ಗೊತ್ತಾಗುತ್ತಾ? ಇನ್ನೊಂದು, ಹೆಡ್‌ಮಾಸ್ಟರು ಇದು ಮಕ್ಕಳಿಗೆ ಅಂಟುತ್ತಾ ಅಂತ ಕೇಳ್ತಿದ್ದಾರೆ. ಏನು ಹೇಳಲಿ?

ಎದೆರೋಗದ ವೈದ್ಯ, ಮೈಸೂರು

ಹಳೇ ಮಾತ್ರೆ ಮತ್ತೆ ತಗೊಂಡು ಪರೀಕ್ಷೆ ಮಾಡೋದು ಬೇಡ. ಟೆಲ್ಮಿಸಾರ್ಟನ್‌ನಲ್ಲಿ ಬಿಪಿ ಹಿಡಿತದಲ್ಲಿದ್ದರೆ ಉತ್ತರ ಗೊತ್ತಾಗಬೇಕಾದ ಅವಶ್ಯಕತೆಯೇ ಇಲ್ಲ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ರಾಮಿಪ್ರಿಲ್ ತಗೊಳ್ಳುವಾಗ ಕೆಮ್ಮಿತ್ತು ಅಂತ ಹೇಳಿ, ಸಾಕು. ಹಗಲಿನ ಕೆಮ್ಮು ಇನ್ನೊಂದು ತಿಂಗಳಲ್ಲಿ ನಿಲ್ಲದಿದ್ದರೆ, ಅಥವಾ ನಡುವೆ ಯಾವಾಗಲಾದರೂ ಕಫ ಬರೋಕೆ ಶುರುವಾದರೆ, ಸ್ಪೈರೋಮೆಟ್ರಿಗೂ ಕಫ ಪರೀಕ್ಷೆಗೂ ಹೋಗಿ.

ಹೆಡ್‌ಮಾಸ್ಟರಿಗೆ ಹೇಳಿ, ಫ್ಲೂ ಅಂಟೋದು ಕಾಯಿಲೆ ಬಿದ್ದ ಮೊದಲ ಒಂದು ವಾರದಷ್ಟು. ಎಕ್ಸ್‌ರೇ ಕ್ಲಿಯರ್ ಇದ್ದು, ಜ್ವರ ಇಲ್ಲದೆ ಉಳಿದಿರೋ ಈ ಒಣಕೆಮ್ಮು ಮಕ್ಕಳಿಗೆ ಅಂಟಲ್ಲ.