ಅಡಿಗೆರೆಯ ಬದಲು ಅಡ್ಡಗೆರೆ: ಕೆಫೆಯ ನಕಲಿ ವೈಫೈ ಕುರಿತ ಪ್ರಶ್ನೋತ್ತರ

ಸವಿತಾ: ನಿನ್ನೆ ಜಯನಗರ 4ನೇ ಬ್ಲಾಕಿನ ಒಂದು ಕೆಫೆಯಲ್ಲಿ Cafe_Guest ಮತ್ತು Cafe-Guest ಎಂಬ ಎರಡು ವೈಫೈ ಹೆಸರುಗಳು ಕಾಣಿಸಿದವು. ಮೊದಲನೆಯದರ ಪಾಸ್‌ವರ್ಡ್ ಬಿಲ್ಲಿನಲ್ಲಿತ್ತು. ಎರಡನೆಯದಕ್ಕೆ ಬೀಗದ ಗುರುತು ಇರಲಿಲ್ಲವಾದ್ದರಿಂದ ಸುಲಭವೆಂದು ಅದನ್ನೇ ಒತ್ತಿದೆ. ಮೊಬೈಲ್ ಸಂಖ್ಯೆ ಕೇಳಿತು, ಒಟಿಪಿ ಬಂತು, ಹಾಕಿದೆ. ಪುಟ ‘ನಿರೀಕ್ಷಿಸಿ’ ಎಂದು ಅಲ್ಲಿಯೇ ನಿಂತಿತು. ಜೊತೆಯಲ್ಲಿದ್ದ ಸಹೋದ್ಯೋಗಿ ಲ್ಯಾಪ್‌ಟಾಪಿನಲ್ಲಿ `netsh wlan show networks mode=bssid` ಎಂದು ಕೊಟ್ಟು ಪಡೆದ ಪಟ್ಟಿಯನ್ನು ಚಿಕ್ಕದು ಮಾಡಿ ಹಾಕಿದ್ದೇನೆ. ಇದು ನಕಲಿಯೇ, ಸರ್?

```
SSID 1 : Cafe_Guest
  Authentication : WPA2-Personal
  BSSID 1 : 6c:xx:xx:xx:40:10  Signal : 84%  Channel : 6
  BSSID 2 : 6c:xx:xx:xx:40:18  Signal : 78%  Channel : 44
SSID 2 : Cafe-Guest
  Authentication : Open
  BSSID 1 : a2:xx:xx:xx:7f:c3  Signal : 97%  Channel : 6
```

ಶ್ರೀಧರ (ನೆಟ್‌ವರ್ಕ್ ಭದ್ರತಾ ಎಂಜಿನಿಯರ್): ಪಟ್ಟಿಯನ್ನು ಆಮೇಲೆ ನೋಡೋಣ, ಸವಿತಾ ಅವರೇ. ಆ ಒಟಿಪಿ ಬಂದ ಎಸ್‌ಎಂಎಸ್‌ನಲ್ಲಿ ಏನು ಬರೆದಿತ್ತು? ಅಂಕೆಗಳನ್ನು ಬಿಟ್ಟು ಉಳಿದದ್ದನ್ನು ತಿಳಿಸಿ.

ಸವಿತಾ: ವಾಟ್ಸಾಪ್ ಕೋಡ್ ಎಂದಿತ್ತು, ಆರು ಅಂಕೆಗಳಿದ್ದವು. ಕೆಫೆಯವರು ವಾಟ್ಸಾಪ್ ಮೂಲಕ ಪರಿಶೀಲಿಸುತ್ತಾರೆ ಎಂದುಕೊಂಡೆ. ಈಗ ವಾಟ್ಸಾಪ್ ತೆರೆದರೆ ಸಂಖ್ಯೆಯನ್ನು ಮತ್ತೆ ನೋಂದಾಯಿಸಿ ಎನ್ನುತ್ತಿದೆ.

ಶ್ರೀಧರ: ನಿಮ್ಮ ಖಾತೆ ಬೇರೊಬ್ಬರ ಫೋನಿನಲ್ಲಿ ತೆರೆದಿದೆ. ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಈಗಲೇ ನಿಮ್ಮ ಸಂಖ್ಯೆಯನ್ನು ಮತ್ತೆ ನೋಂದಾಯಿಸಿ. ಹೊಸ ಆರಂಕಿ ಕೋಡನ್ನು ನೀವು ಹಾಕಿದ ಕೂಡಲೇ ಆ ವ್ಯಕ್ತಿಯ ಫೋನಿನಿಂದ ಖಾತೆ ಹೊರಬೀಳುತ್ತದೆ. ಆಮೇಲೆ, ನೀವು ಎಂದೂ ಇಟ್ಟಿರದ ಪಿನ್ ಒಂದನ್ನು ಕೇಳಿದರೆ, ಅದನ್ನು ಇಟ್ಟವನು ಅವನೇ ಎಂದು ತಿಳಿಯಿರಿ. ಆಗ ನೀವು ಒಳಹೋಗಲು 7 ದಿನ ಕಾಯಬೇಕಾಗಬಹುದು, ಆದರೆ ಅವನೂ ಒಳಗಿರುವುದಿಲ್ಲ. ಮನೆಯವರಿಗೂ ಸ್ನೇಹಿತರಿಗೂ ಕರೆ ಮಾಡಿ, ನಿಮ್ಮ ಹೆಸರಿನಲ್ಲಿ ಹಣ ಕೇಳಿ ಸಂದೇಶ ಬಂದರೆ ಕೊಡಬಾರದೆಂದು ಹೇಳಿ. ಯಾರಾದರೂ ಈಗಾಗಲೇ ಹಣ ಕಳುಹಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿಸಿ.

ಇದನ್ನು ಓದುತ್ತಿರುವ ಉಳಿದವರು ಈ ತಂತ್ರವನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕೆಂದು ಕೋರುತ್ತೇನೆ. ನಮ್ಮಲ್ಲಿ ಸಾರ್ವಜನಿಕ ವೈಫೈ ಮೊಬೈಲ್ ಸಂಖ್ಯೆಯನ್ನೂ ಒಟಿಪಿಯನ್ನೂ ಕೇಳುವುದು ರೂಢಿ, ಆದ್ದರಿಂದ ಅಂಥ ಪುಟ ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ನೀವು ನಕಲಿ ಪುಟದಲ್ಲಿ ಸಂಖ್ಯೆ ಬರೆದ ಕ್ಷಣದಲ್ಲಿಯೇ ಆ ವ್ಯಕ್ತಿ ತನ್ನ ಫೋನಿನ ವಾಟ್ಸಾಪ್‌ನಲ್ಲಿ ಅದೇ ಸಂಖ್ಯೆಯನ್ನು ನಮೂದಿಸುತ್ತಾನೆ. ಹಾಗಾಗಿ ನಿಮಗೆ ಬರುವ ಎಸ್‌ಎಂಎಸ್ ನಿಜವಾದದ್ದೇ, ಅದನ್ನು ಕಳುಹಿಸಿದ ಸಂಸ್ಥೆಯೂ ನಿಜವಾದದ್ದೇ. ಅದನ್ನು ನೀವು ಬರೆದ ಪುಟ ಮಾತ್ರ ಅವನದು. ಆದ್ದರಿಂದ ಒಟಿಪಿಯ ಅಂಕೆಗಳಿಗಿಂತ ಮೊದಲು ಅದರ ಸುತ್ತಲಿನ ವಾಕ್ಯವನ್ನು ಓದಬೇಕು. ಅಲ್ಲಿ ವೈಫೈ ಎಂಬ ಮಾತಿಲ್ಲದೆ ಬೇರಾವುದೋ ಸೇವೆಯ ಹೆಸರಿದ್ದರೆ ಪುಟವನ್ನು ಅಲ್ಲಿಗೇ ಮುಚ್ಚಿಬಿಡಿ.

ಮಂಜುನಾಥ: ಇದಕ್ಕೆ ಸುಲಭವಾದ ಉಪಾಯವಿದೆ, ನಮ್ಮ ಬಡಾವಣೆಯ ಗುಂಪಿನಲ್ಲಿ ಬಂದಿತ್ತು. ಮೊದಲು ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಬೇಕು. ಒಪ್ಪಿಕೊಂಡರೆ ನಕಲಿ, ತಿರಸ್ಕರಿಸಿದರೆ ಅಸಲಿ. ಎಲ್ಲರೂ ಹಂಚಿಕೊಳ್ಳಿ.

ಶ್ರೀಧರ: ದಯವಿಟ್ಟು ಹಂಚಿಕೊಳ್ಳಬೇಡಿ. ಕೆಫೆಯ ಪಾಸ್‌ವರ್ಡ್ ಪ್ರತಿ ಬಿಲ್ಲಿನ ಮೇಲೂ ಇರುತ್ತದೆ. ಒಂದು ಕಾಫಿ ಕುಡಿದವನು ಅದೇ ಪಾಸ್‌ವರ್ಡನ್ನು ತನ್ನ ಹಾಟ್‌ಸ್ಪಾಟಿಗೂ ಇಟ್ಟರೆ, ಅದು ನಿಮ್ಮ ತಪ್ಪು ಪಾಸ್‌ವರ್ಡನ್ನು ತಿರಸ್ಕರಿಸಿ ಸರಿಯಾದದ್ದನ್ನು ಒಪ್ಪಿಕೊಳ್ಳುತ್ತದೆ, ಅಸಲಿಯಂತೆಯೇ. ಏನು ಬರೆದರೂ ಒಪ್ಪುವ ಪುಟ ಅನುಮಾನಾಸ್ಪದವೆಂಬುದು ನಿಜ, ಆದರೆ ತಿರಸ್ಕರಿಸಿದ್ದರಿಂದ ಏನೂ ಸಾಬೀತಾಗುವುದಿಲ್ಲ. ಈ ಸಂದೇಶವನ್ನು ನಂಬಿದವರು ಹೆಚ್ಚು ಧೈರ್ಯದಿಂದ ಬಲೆಗೆ ಬೀಳುತ್ತಾರೆ.

ಪ್ರಕಾಶ: ಪಟ್ಟಿಯಲ್ಲಿಯೇ ಉತ್ತರವಿದೆ. ಎರಡನೆಯದರ BSSID, ಅಂದರೆ ಉಪಕರಣದ ವಿಳಾಸ, a2 ಎಂದು ಆರಂಭವಾಗುತ್ತದೆ. ಎರಡನೆಯ ಅಕ್ಷರ 2, 6, a ಅಥವಾ e ಆಗಿದ್ದರೆ ಅದು ತಯಾರಕರು ಕೊಟ್ಟ ವಿಳಾಸವಲ್ಲ, ತಂತ್ರಾಂಶ ಸೃಷ್ಟಿಸಿದ್ದು. ಅಂದರೆ ನಕಲಿ. ಹಾಗೆಯೇ ಒಂದೇ ಹೆಸರಿಗೆ ಎರಡು ವಿಳಾಸಗಳಿದ್ದರೂ ಒಂದು ನಕಲಿಯೇ.

ರೇಖಾ: ಪ್ರಕಾಶ್ ಅವರೇ, ಅರಮನೆ ಮೈದಾನದಲ್ಲಿ ನಡೆದ ಒಂದು ಮೇಳದಲ್ಲಿ ನಾನು ಮಾಹಿತಿ ಮೇಜಿನಲ್ಲಿದ್ದೆ. ಒಂದೇ ಹೆಸರಿನಲ್ಲಿ ಹತ್ತಾರು ಉಪಕರಣಗಳನ್ನು ನಾವೇ ಹಾಕಿಸಿದ್ದೆವು, ಇಲ್ಲದಿದ್ದರೆ ಅಷ್ಟು ದೊಡ್ಡ ಪೆಂಡಾಲಿಗೆ ಸಿಗ್ನಲ್ ತಲುಪುತ್ತಿರಲಿಲ್ಲ. ನಿಮ್ಮಂತೆಯೇ ಅರ್ಧ ತಿಳಿದವರೊಬ್ಬರು ‘ಎಲ್ಲವೂ ನಕಲಿ’ ಎಂದು ಸುದ್ದಿ ಹಬ್ಬಿಸಿದ ಮೇಲೆ ಜನ ಅಸಲಿಯನ್ನು ಬಿಟ್ಟು ಬೇರೆ ಹೆಸರುಗಳನ್ನು ಹುಡುಕತೊಡಗಿದರು.

ಪ್ರಕಾಶ: ಅರ್ಧ ತಿಳಿದವರು ಎನ್ನುವ ಅಗತ್ಯವಿರಲಿಲ್ಲ. ವಿಳಾಸದ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾಗಿದ್ದರೆ ತೋರಿಸಿ.

ಶ್ರೀಧರ: ವಿಳಾಸವನ್ನು ತಂತ್ರಾಂಶ ಸೃಷ್ಟಿಸಿದೆ ಎಂಬಷ್ಟು ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು. ಇಂದಿನ ಬಹಳಷ್ಟು ಫೋನ್‌ಗಳ ಹಾಟ್‌ಸ್ಪಾಟಿಗೆ ಅಂಥ ವಿಳಾಸವಿರುತ್ತದೆ, ಒಂದೇ ಪೆಟ್ಟಿಗೆಯಿಂದ ಹಲವು ಹೆಸರುಗಳನ್ನು ಬಿತ್ತರಿಸುವ ಅಸಲಿ ಉಪಕರಣಗಳಿಗೂ ಇರಬಹುದು. ಒಂದೇ ಹೆಸರಿಗೆ ಹಲವು ವಿಳಾಸಗಳು ಇರುವುದು ತೀರ ಸಹಜ. ಸವಿತಾ ಅವರ ಪಟ್ಟಿಯಲ್ಲಿ Cafe_Guestಗೆ ಕಾಣುವ ಎರಡು ವಿಳಾಸಗಳಲ್ಲಿ ಕೊನೆಯ ಅಂಕೆ ಮಾತ್ರ ಬೇರೆ, ಚಾನೆಲ್ 6 ಮತ್ತು 44. ಒಂದೇ ಪೆಟ್ಟಿಗೆ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಬಿತ್ತರಿಸಿದರೆ ಹೀಗೆ ಕಾಣುತ್ತದೆ.

ಅನುಮಾನ ಹುಟ್ಟುವುದು ಹಲವು ಸಂಗತಿಗಳು ಒಂದೇ ಕಡೆ ಬೆರಳು ಮಾಡಿದಾಗ. ಬಿಲ್ಲಿನಲ್ಲಿ ಅಡಿಗೆರೆ ಇದೆ, ಇಲ್ಲಿ ಅಡ್ಡಗೆರೆ. ಅಲ್ಲಿ ಪಾಸ್‌ವರ್ಡ್ ಇದೆ, ಇಲ್ಲಿ ಬಾಗಿಲು ತೆರೆದಿದೆ. ಅಲ್ಲಿನ ವಿಳಾಸಗಳು ಒಂದೇ ಕುಟುಂಬದವು, ಇಲ್ಲಿನದು ಆ ಕುಟುಂಬದ್ದಲ್ಲ. ಚಾವಣಿಯ ಉಪಕರಣ 84 ತೋರಿಸುವಾಗ ಇದು 97 ತೋರಿಸುತ್ತದೆ, ಅಂದರೆ ಬಹುಶಃ ಹತ್ತಿರದ ಮೇಜಿನಲ್ಲಿದೆ. ಸವಿತಾ ಅವರೇ, ನಿಮ್ಮ ಸಹೋದ್ಯೋಗಿ ಲ್ಯಾಪ್‌ಟಾಪ್ ಹಿಡಿದು ಕೌಂಟರಿನ ಕಡೆಗೆ ಹೋಗಿದ್ದರೇ?

ಸವಿತಾ: ಹೋಗಿದ್ದರು. ಅಲ್ಲಿ Cafe_Guest 95ಕ್ಕೆ ಏರಿತು, ಇನ್ನೊಂದು 60ರ ಸುಮಾರಿಗೆ ಇಳಿಯಿತು. ನಾವು ಬಿಲ್ ಕೊಟ್ಟು ಏಳುವ ಹೊತ್ತಿಗೆ ಎರಡನೆಯ ಹೆಸರು ಪಟ್ಟಿಯಲ್ಲಿಯೇ ಇರಲಿಲ್ಲ.

ಶ್ರೀಧರ: ಹಾಗಿದ್ದರೆ ನನಗೆ ಅನುಮಾನ ಉಳಿದಿಲ್ಲ. ಕೆಫೆಯ ಉಪಕರಣ ಗೋಡೆಗೋ ಚಾವಣಿಗೋ ಅಂಟಿಕೊಂಡಿರುತ್ತದೆ, ಅದು ಗಿರಾಕಿಯೊಬ್ಬನ ಜೊತೆ ಎದ್ದು ಹೋಗುವುದಿಲ್ಲ. ಆದರೆ ಇದನ್ನು ತಿರುಗಿಸಿ ಓದಬಾರದು: ಪಟ್ಟಿಯಲ್ಲಿ ಅನುಮಾನಾಸ್ಪದವಾದದ್ದು ಏನೂ ಕಾಣದಿದ್ದರೆ ಜಾಲ ಅಸಲಿ ಎಂದು ಅರ್ಥವಲ್ಲ, ಏಕೆಂದರೆ ಪಳಗಿದವನು ಹೆಸರನ್ನೂ ವಿಳಾಸವನ್ನೂ ಅಕ್ಷರಶಃ ನಕಲು ಮಾಡಬಲ್ಲ.

ಹಾಗಾದರೆ ಇವನು ಹೆಸರನ್ನು ಪೂರ್ತಿಯಾಗಿ ಏಕೆ ನಕಲು ಮಾಡಲಿಲ್ಲ ಎಂಬುದು ನನಗೆ ಮುಖ್ಯವೆನಿಸುತ್ತದೆ. ಅಕ್ಷರಶಃ ಒಂದೇ ಆದ ಹೆಸರು ನಿಮ್ಮ ಫೋನನ್ನು ಮರುಳುಮಾಡುವುದಕ್ಕೆ, ಏಕೆಂದರೆ ಹಿಂದೆ ಉಳಿಸಿಕೊಂಡ ಹೆಸರನ್ನು ಕಂಡರೆ ಫೋನು ಕೇಳದೆಯೇ ಸೇರಿಕೊಳ್ಳುತ್ತದೆ. ಆದರೆ ಫೋನು ಹೆಸರಿನ ಜೊತೆಗೆ ಭದ್ರತೆಯ ಬಗೆಯನ್ನೂ ನೆನಪಿಟ್ಟಿರುತ್ತದೆ. ಪಾಸ್‌ವರ್ಡ್ ಇರುವ ಜಾಲವೆಂದು ಉಳಿಸಿಕೊಂಡಿದ್ದರೆ, ಅದೇ ಹೆಸರಿನ ತೆರೆದ ಜಾಲಕ್ಕೆ ತಾನಾಗಿ ಸೇರುವುದಿಲ್ಲ. ಸ್ವಲ್ಪವೇ ಬೇರೆಯಾದ ಹೆಸರು ಮರುಳುಮಾಡುವುದು ನಿಮ್ಮ ಕಣ್ಣನ್ನು. ಅದು ಅಸಲಿಯ ಪಕ್ಕದಲ್ಲಿಯೇ ಪಟ್ಟಿಯಲ್ಲಿ ನಿಲ್ಲುತ್ತದೆ, ಕೆಫೆಯವರದೇ ಇನ್ನೊಂದು ಜಾಲವೆಂಬಂತೆ ತೋರುತ್ತದೆ, ಪಾಸ್‌ವರ್ಡನ್ನೂ ಕೇಳುವುದಿಲ್ಲ. ದೊಡ್ಡ I ಇರಬೇಕಾದಲ್ಲಿ ಸಣ್ಣ l, O ಇರಬೇಕಾದಲ್ಲಿ 0, ಕೊನೆಯಲ್ಲೊಂದು ಖಾಲಿ ಜಾಗ: ಫೋನಿಗೆ ಇವೆಲ್ಲ ಪೂರ್ತಿ ಬೇರೆ ಹೆಸರುಗಳು, ನಮಗೆ ಒಂದೇ. ಕೊನೆಯ ಖಾಲಿ ಜಾಗವಂತೂ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ಒಂದೇ ರೀತಿಯ ಎರಡು ಹೆಸರುಗಳು ಕಂಡರೆ ಯಾವುದನ್ನೂ ಒತ್ತದೆ ಕೌಂಟರಿನಲ್ಲಿ ಕೇಳಿ, ‘ವೈಫೈ ಇದೆಯೇ’ ಎಂದಲ್ಲ, ‘ನಿಮ್ಮವು ಎಷ್ಟು ಹೆಸರುಗಳು’ ಎಂದು.

ನಾಗರಾಜ: ನಮ್ಮ ಮನೆಯ ವೈಫೈಯನ್ನು ಪಕ್ಕದ ಮನೆಯವರು ಬಳಸುತ್ತಿದ್ದಾರೆಂಬ ಅನುಮಾನವಿದೆ. ಇದೇ ನಕಲಿ ವೈಫೈಯೇ, ಸರ್?

ಶ್ರೀಧರ: ಅಲ್ಲ. ಪಾಸ್‌ವರ್ಡ್ ಬದಲಿಸಿ.

ಅನುಪಮಾ: ವಿಪಿಎನ್ ಇದ್ದರೆ ಈ ತೊಂದರೆಯೇ ಇರುವುದಿಲ್ಲ ಅಲ್ಲವೇ? ಐಫೋನಿನಲ್ಲಿ ಇಂಥ ಪಟ್ಟಿಯನ್ನು ನೋಡುವುದು ಹೇಗೆ?

ಶ್ರೀಧರ: ಸಂಖ್ಯೆ ಕೇಳುವ ಪುಟ ವಿಪಿಎನ್ ಆರಂಭವಾಗುವ ಮೊದಲೇ ಬರುತ್ತದೆ. ನೀವೇ ಬರೆದುಕೊಟ್ಟ ಕೋಡನ್ನು ಯಾವ ವಿಪಿಎನ್ ಕೂಡ ಕಾಪಾಡುವುದಿಲ್ಲ.

ಫಾತಿಮಾ: ಬಸವನಗುಡಿಯಲ್ಲಿ ನನ್ನದೊಂದು ಚಿಕ್ಕ ಕೆಫೆ ಇದೆ. ಇದನ್ನು ಓದಿ ಭಯವಾಯಿತು. ನಮ್ಮ ಕಡೆಯಿಂದ ಏನು ಮಾಡಬಹುದು, ಸರ್?

ಶ್ರೀಧರ: ಒಂದೇ ಹೆಸರು ಇಟ್ಟುಕೊಳ್ಳಿ ಮತ್ತು ಅದರಲ್ಲಿ ಗೆರೆ, ಸೊನ್ನೆ, I, l ಯಾವುದೂ ಇಲ್ಲದಂತೆ ನೋಡಿಕೊಳ್ಳಿ. ಆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಪ್ರತಿ ಮೇಜಿನ ಮೇಲೂ ಬರೆದಿಟ್ಟು, ‘ನಮ್ಮ ವೈಫೈಗೆ ಪಾಸ್‌ವರ್ಡ್ ಇದೆ, ಒಟಿಪಿ ಇಲ್ಲ’ ಎಂದೋ, ಒಟಿಪಿ ಇದ್ದರೆ ಅದು ಯಾವ ಹೆಸರಿನಿಂದ ಬರುತ್ತದೆ ಎಂದೋ ಸೇರಿಸಿ. ಕೆಲಸದ ಹುಡುಗರು ದಿನಕ್ಕೊಮ್ಮೆ ಫೋನಿನಲ್ಲಿ ಪಟ್ಟಿ ನೋಡಿದರೂ ಇಂಥದು ಕಣ್ಣಿಗೆ ಬೀಳುತ್ತದೆ.

ಮಂಜುನಾಥ: ಎಲ್ಲ ಹೊಣೆಯೂ ಗಿರಾಕಿಯದೇ ಏಕೆ? ಕೆಫೆಯೊಳಗೆ ನಡೆದ ವಂಚನೆಗೆ ಕೆಫೆಯವರೇ ನಷ್ಟ ಕಟ್ಟಿಕೊಡಬೇಕು.

ಫಾತಿಮಾ: ಯಾರದೋ ಜೇಬಿನಲ್ಲಿರುವ ಫೋನಿಗೆ ನಾನು ಹೇಗೆ ಹೊಣೆ? ಒಬ್ಬೊಬ್ಬರ ಜೇಬನ್ನೂ ತಡಕಬೇಕೇ?

ಮಂಜುನಾಥ: ವೈಫೈ ಇದೆಯೆಂದು ಹೊರಗೆ ಬೋರ್ಡ್ ಹಾಕಿ ಕರೆಯುವವರು ನೀವು. ಆಮೇಲೆ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ರೇಖಾ: ಮಂಜುನಾಥ್ ಅವರೇ, ಸುಳ್ಳು ಉಪಾಯವನ್ನು ಹಂಚಲು ಹೇಳಿದವರು ನೀವು. ಅದನ್ನು ನಂಬಿ ಯಾರಾದರೂ ಹಣ ಕಳೆದುಕೊಂಡರೆ ನೀವು ಕಟ್ಟಿಕೊಡುತ್ತೀರಾ?

ಪ್ರಕಾಶ: ಇಷ್ಟಕ್ಕೂ ಒಂದು ವಾಟ್ಸಾಪ್ ಖಾತೆಗಾಗಿ ಯಾರೂ ಕೆಫೆಯಲ್ಲಿ ಬಂದು ಕೂರುವುದಿಲ್ಲ. ಇದನ್ನು ದೊಡ್ಡದು ಮಾಡಲಾಗುತ್ತಿದೆ.

ಶ್ರೀಧರ: ಕೂರುತ್ತಾರೆ. ಆಸ್ಟ್ರೇಲಿಯಾದಲ್ಲಿ ವಿಮಾನ ನಿಲ್ದಾಣಗಳಲ್ಲಿಯೂ ಹಾರುವ ವಿಮಾನದೊಳಗೂ ನಕಲಿ ವೈಫೈ ಹಾಕಿ, ಇಮೇಲ್ ಮತ್ತು ಸಾಮಾಜಿಕ ಜಾಲತಾಣಗಳ ಲಾಗಿನ್ ಕೇಳುವ ಪುಟ ತೋರಿಸಿದನೆಂದು ಅಲ್ಲಿನ ಫೆಡರಲ್ ಪೊಲೀಸರು 2024ರಲ್ಲಿ ಒಬ್ಬನ ಮೇಲೆ ಪ್ರಕರಣ ಹಾಕಿದರು. ಅವನು ಹಿಡಿದುಕೊಂಡು ಓಡಾಡುತ್ತಿದ್ದದ್ದು ಕೈಚೀಲದಲ್ಲಿ ಹಿಡಿಸುವಷ್ಟು ಸಣ್ಣ ಉಪಕರಣ. ನಷ್ಟ ಯಾರು ಕಟ್ಟಬೇಕೆಂಬ ಜಗಳಕ್ಕೆ ಬೇರೆ ಗುಂಪು ನೋಡಿಕೊಳ್ಳಿ.

ಗಿರೀಶ: ಮೊದಲು ತಪ್ಪು ಪಾಸ್‌ವರ್ಡ್ ಹಾಕಿ ನೋಡಿದರೆ ತಿಳಿಯುತ್ತದಂತೆ, ನಿಜವೇ ಸರ್?

ಶ್ರೀಧರ: ಮೇಲೆ ಓದಿ.

ಸವಿತಾ: ಮತ್ತೆ ನೋಂದಾಯಿಸಿದೆ, ನೀವು ಹೇಳಿದಂತೆಯೇ ನಾನು ಇಡದ ಪಿನ್ ಕೇಳುತ್ತಿದೆ. ನನ್ನ ಚಿಕ್ಕಮ್ಮನಿಗೆ ಹಣ ಕೇಳಿ ಸಂದೇಶ ಹೋಗಿತ್ತು, ಪುಣ್ಯಕ್ಕೆ ಅವರು ಕರೆ ಮಾಡಿ ವಿಚಾರಿಸಿದರು. ದೂರು ಕೊಡಬೇಕೆಂದಿದ್ದೇನೆ. ಈ ಪಟ್ಟಿಯಲ್ಲಿರುವ a2 ವಿಳಾಸದಿಂದ ಅವನನ್ನು ಹಿಡಿಯಬಹುದೇ?

ಶ್ರೀಧರ: ಆ ವಿಳಾಸವೊಂದರಿಂದ ಆಗುವುದಿಲ್ಲ, ಅಂಥ ವಿಳಾಸವನ್ನು ಫೋನು ಬದಲಿಸುತ್ತಿರಬಹುದು. ನಿಮ್ಮ ಬಳಿ ಇರುವ ಬೆಲೆಬಾಳುವ ಸಂಗತಿ ಸಮಯ: ಎಸ್‌ಎಂಎಸ್ ಬಂದ ನಿಮಿಷ ಫೋನಿನಲ್ಲಿದೆ, ಆ ನಿಮಿಷದಲ್ಲಿ ನಿಮ್ಮ ಸುತ್ತಲಿನ ಮೇಜುಗಳಲ್ಲಿ ಯಾರಿದ್ದರೆಂಬುದು ಕೆಫೆಯ ಸಿಸಿಟಿವಿಯಲ್ಲಿರಬಹುದು, ಆ ಹೆಸರು ಮಾಯವಾಗುವ ಹೊತ್ತಿಗೆ ಎದ್ದು ಹೋದವರು ಯಾರೆಂಬುದೂ. ದೃಶ್ಯಗಳು ಕೆಲವು ದಿನಗಳಲ್ಲಿ ಅಳಿಸಿಹೋಗುವುದುಂಟು, ಆದ್ದರಿಂದ ಇಂದೇ ಕೆಫೆಗೆ ಹೋಗಿ ಅವನ್ನು ಉಳಿಸಿಡುವಂತೆ ಬರಹದಲ್ಲಿ ಕೇಳಿಕೊಳ್ಳಿ. ಎಸ್‌ಎಂಎಸ್, ಪಟ್ಟಿ, ಬಿಲ್, ಚಿಕ್ಕಮ್ಮನಿಗೆ ಹೋದ ಸಂದೇಶ ಯಾವುದನ್ನೂ ಅಳಿಸದೆ, cybercrime.gov.in ನಲ್ಲಿ ದೂರು ದಾಖಲಿಸುವಾಗ ಜೊತೆಗೆ ಸೇರಿಸಿ.

ಅನುಪಮಾ: ಐಫೋನಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಸವಿತಾ: ಕೆಫೆಗೆ ಹೊರಟಿದ್ದೇನೆ, ಸರ್. ದೃಶ್ಯ ಉಳಿಸಲು ಅವರು ಒಪ್ಪದಿದ್ದರೆ ಇಲ್ಲಿಯೇ ತಿಳಿಸುತ್ತೇನೆ.