ಅಮ್ಮನಿಗೆ ಬಂದ ಕಸ್ಟಮ್ಸ್ ನೋಟಿಸನ್ನು ಕನ್ನಡದಲ್ಲಿ ಹೇಗೆ ಬರೆದುಕೊಡಲಿ?

ಕೇಳಿದವರು (ಮಾರ್ಚ್ 2024):
ಅಕ್ಕ ಇಂಗ್ಲೆಂಡಿನಿಂದ ಅಮ್ಮನಿಗೆ ಒಂದು ಉಣ್ಣೆ ಶಾಲು ಅಂಚೆಯಲ್ಲಿ ಕಳಿಸಿದ್ದಳು. ಮೊನ್ನೆ ಊರಿನ ಅಂಚೆ ಕಚೇರಿಯಿಂದ ನೋಟಿಸ್ ಬಂದಿದೆ, ಎಲ್ಲ ಇಂಗ್ಲಿಷಿನಲ್ಲಿದೆ. ಪಕ್ಕದ ಮನೆ ಹುಡುಗ ಓದಿ, ‘ಕಸ್ಟಮ್ಸ್‌ನವರು ಜಪ್ತಿ ಮಾಡಿದ್ದಾರೆ, 3,246 ರೂಪಾಯಿ ದಂಡ ಕಟ್ಟಬೇಕು’ ಎಂದನಂತೆ. ಅಮ್ಮ ಹೆದರಿ ಊಟ ಬಿಟ್ಟಿದ್ದಾಳೆ. ನಾನು ಪುಣೆಯಲ್ಲಿದ್ದೇನೆ. ನೋಟಿಸಿನಲ್ಲಿ ಅಸೆಸಬಲ್ ವ್ಯಾಲ್ಯೂ 4,200, ಬಿಸಿಡಿ 1,470, ಎಸ್‌ಡಬ್ಲ್ಯೂಎಸ್ 147, ಐಜಿಎಸ್‌ಟಿ 1,629 ಎಂದಿದೆ. ಶಾಲಿನ ಬೆಲೆ ಬರೀ 30 ಪೌಂಡ್. ಅಮ್ಮ ತಾನೇ ಓದಿಕೊಂಡು ಹೋಗಿ ತರುವಂತೆ ಕನ್ನಡದಲ್ಲಿ ಬರೆದು ಕಳಿಸಬೇಕು. ಮೊತ್ತ ಸರಿಯಿದೆಯಾ? ಏನು ಮಾಡಬೇಕು?

ಶಿರಸಿಯವರು:
ಇದು ಉಡುಗೊರೆ ಅಲ್ವಾ? 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕವೇ ಇಲ್ಲ. ನನ್ನ ತಮ್ಮ ಅಮೆರಿಕದಿಂದ ಕಳಿಸಿದ್ದು ಒಂದು ಪೈಸೆ ಇಲ್ಲದೆ ಬಂದಿತ್ತು. ಅಂಚೆ ಕಚೇರಿಯಲ್ಲಿ ಜಗಳ ಮಾಡಿ, ಬಿಡಬೇಡಿ.

ಅಂಚೆ ಇಲಾಖೆಯಲ್ಲಿ ಇದ್ದವರು, ಈಗ ನಿವೃತ್ತರು:
ಶಿರಸಿಯವರೇ, ನೀವು ಹೇಳುವುದು ಒಂದು ಕಾಲಕ್ಕೆ ನಿಜವಿತ್ತು. 2019ರ ಡಿಸೆಂಬರ್‌ನಲ್ಲಿ ಆ ವಿನಾಯಿತಿ ತೆಗೆದರು. ಆಮೇಲೆ ಉಡುಗೊರೆ ಎಂದು ಸುಂಕವಿಲ್ಲದೆ ಬರಲು ಬಿಡುವುದು ಜೀವ ಉಳಿಸುವ ಔಷಧಿ ಮತ್ತು ರಾಖಿಗೆ ಮಾತ್ರ. ರಾಖಿಯ ಜೊತೆ ಕಳಿಸುವ ಉಡುಗೊರೆಗೂ ಇಲ್ಲ. ಪೂರ್ತಿ ಸುಂಕ ಕಟ್ಟಿದರೆ ಉಡುಗೊರೆ ತರಿಸಿಕೊಳ್ಳಬಹುದು. ಹಾಗಾಗಿ ಅಮ್ಮನನ್ನು ಜಗಳಕ್ಕೆ ಕಳಿಸಬೇಡಿ. ಆ ಕಚೇರಿಯವರು ಹಣ ವಸೂಲಿ ಮಾಡಿ ಕಳಿಸುವವರು ಅಷ್ಟೇ, ಸುಂಕ ನಿಗದಿ ಮಾಡಿದವರಲ್ಲ.

ಮೊದಲು ‘ಜಪ್ತಿ’, ‘ದಂಡ’ ಎಂಬ ಆ ಎರಡು ಪದ ಸರಿಮಾಡೋಣ. ಭಯ ಹುಟ್ಟಿದ್ದು ಅಲ್ಲಿಂದಲೇ. ನೋಟಿಸಿನಲ್ಲಿ ‘ಡಿಟೇನ್ಡ್’ ಎಂದಿದ್ದರೆ ಅದು ತಡೆದು ಇಟ್ಟುಕೊಂಡಿದ್ದಾರೆ ಎಂದು. ಸುಂಕ ಬರುವವರೆಗೆ ಇಟ್ಟುಕೊಳ್ಳುವುದು. ಜಪ್ತಿಗೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ, ಅದರ ವಿಷಯವೇ ಬೇರೆ. ‘ಡ್ಯೂಟಿ’ ದಂಡವಲ್ಲ, ಸುಂಕ. ಯಾರೂ ತಪ್ಪು ಮಾಡಿಲ್ಲ. ಹೊರದೇಶದ ವಸ್ತುವಿಗೆ ಎಲ್ಲರೂ ಕಟ್ಟುವ ತೆರಿಗೆ. ಕೆಲಸದಲ್ಲಿದ್ದಾಗ ಒಬ್ಬ ಅಜ್ಜಿ ಇಂಥದೇ ಕಾಗದ ಹಿಡಿದು ನನ್ನ ಮುಂದೆ ನಿಂತು, ‘ನನ್ನ ಮೊಮ್ಮಗನನ್ನ ಪೊಲೀಸರು ಹಿಡೀತಾರಾ?’ ಎಂದು ಕೇಳಿದ್ದರು. ಅವರಿಗೂ ಯಾರೋ ‘ಜಪ್ತಿ’ ಎಂದೇ ಹೇಳಿದ್ದರು.

ಈಗ ಲೆಕ್ಕ. ಅಸೆಸಬಲ್ ವ್ಯಾಲ್ಯೂ ಎನ್ನುವುದನ್ನು ‘ಬೆಲೆ’ ಎಂದು ಬರೆಯಬೇಡಿ. ಬರೆದರೆ, 30 ಪೌಂಡಿನ ಶಾಲಿಗೆ 4,200 ಹೇಗಾಯಿತು ಎಂಬ ಅನುಮಾನ ಬರುತ್ತದೆ. ‘ಸುಂಕ ಹಾಕಲು ಹಿಡಿದ ಮೌಲ್ಯ’ ಎನ್ನಿ. ಅದರಲ್ಲಿ ವಸ್ತುವಿನ ಬೆಲೆಯ ಜೊತೆ ಸಾಗಣೆ ಖರ್ಚೂ ಸೇರುತ್ತದೆ. ಅಕ್ಕ ಅಂಚೆಗೆ ಎಷ್ಟು ಕೊಟ್ಟರು ಎಂದು ಕೇಳಿ. 10 ಪೌಂಡ್ ಇದ್ದರೆ ಒಟ್ಟು 40 ಆಯಿತು. ಪೌಂಡಿಗೆ 105 ರೂಪಾಯಿ ಹಿಡಿದರೆ 4,200. ಈ ವಿನಿಮಯ ದರ ಕಸ್ಟಮ್ಸ್‌ನವರು ಆಗಾಗ ಪ್ರಕಟಿಸುವುದು. ಬ್ಯಾಂಕಿನ ದರಕ್ಕೆ ಸರಿಯಾಗಿ ಹೊಂದುವುದಿಲ್ಲ.

ಬಿಸಿಡಿ ಎಂದರೆ ಮೂಲ ಸುಂಕ. ಸ್ವಂತ ಬಳಕೆಗೆ ಅಂಚೆಯಲ್ಲಿ ಬರುವ ಸರಕಿಗೆ ಶೇ 35. ಅಂದರೆ 4,200ಕ್ಕೆ 1,470. ಎಸ್‌ಡಬ್ಲ್ಯೂಎಸ್ ಸಮಾಜ ಕಲ್ಯಾಣದ ಮೇಲ್ತೆರಿಗೆ, ಅದು ಮೂಲ ಸುಂಕದ ಹತ್ತನೇ ಒಂದು ಭಾಗ, 147. ಮೂರನೆಯದು ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಹಾಕುವ ಜಿಎಸ್‌ಟಿ, ಶೇ 28. ಇದನ್ನೇ ಹೆಚ್ಚಿನವರು ತಪ್ಪು ಲೆಕ್ಕ ಹಾಕುವುದು. ಬರೀ 4,200ಕ್ಕೆ ಹಾಕುವುದಿಲ್ಲ. ಮೊದಲು ಮೂರನ್ನೂ ಕೂಡಿಸಿ: 4,200, 1,470, 147. ಒಟ್ಟು 5,817. ಅದರ ಶೇ 28 ಅಂದರೆ 1,628.76, ದುಂಡಾಗಿ 1,629. ಈಗ ಕಟ್ಟಬೇಕಾದದ್ದು 1,470, 147, 1,629 ಕೂಡಿದರೆ 3,246. ನೋಟಿಸಿನ ಮೊತ್ತ ಪೈಸೆಗೆ ಪೈಸೆ ಕೂಡುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿದ್ದರೆ ಮೌಲ್ಯದಲ್ಲಿ ಇರಬೇಕು.

ಕೇಳಿದವರು:
ಸರ್, ತುಂಬಾ ಥ್ಯಾಂಕ್ಸ್. ಅಕ್ಕ ಅಂಚೆಗೆ ಕೊಟ್ಟಿದ್ದು 10 ಪೌಂಡ್‌ಗೆ ಸ್ವಲ್ಪ ಕಡಿಮೆಯಂತೆ. ಅಂದರೆ ಹೆಚ್ಚುಕಮ್ಮಿ ನೀವು ಹೇಳಿದ ಹಾಗೇ.

ಮೈಸೂರಿನವರು:
ನನಗೂ ಹೋದ ತಿಂಗಳು ಇಂಥದೇ ಬಂತು. ಮೊಬೈಲಿಗೆ ಮೆಸೇಜು, ‘ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ಲಿಂಕಿನಲ್ಲಿ 25 ರೂಪಾಯಿ ಕಟ್ಟಿ’ ಎಂದು. ನಾನು ಯಾವ ಪಾರ್ಸೆಲ್ಲೂ ತರಿಸಿರಲಿಲ್ಲ. ಒತ್ತಿದ್ದರೆ ಬ್ಯಾಂಕ್ ಖಾಲಿ. ಇವರದೂ ಮೋಸವೇ ಇರಬೇಕು, ದುಡ್ಡು ಕಟ್ಟಬೇಡಿ.

ನಿವೃತ್ತರು:
ಮೇಡಂ, ನೀವು ಒತ್ತದೆ ಇದ್ದದ್ದು ಒಳ್ಳೆಯದಾಯಿತು. ಆದರೆ ಇವರದು ಮೆಸೇಜಲ್ಲ, ಅಂಚೆ ಕಚೇರಿಯ ಕಾಗದ. ಪಾರ್ಸೆಲ್ ಕಳಿಸಿದವರೂ ಮನೆಯವರೇ. ಅನುಮಾನವಿದ್ದರೆ ಒಂದು ದಾರಿ ಇದೆ. ಕಳಿಸಿದವರ ರಸೀದಿಯಲ್ಲಿ 13 ಅಕ್ಷರದ ಸಂಖ್ಯೆ ಇರುತ್ತದೆ, ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಇಂಗ್ಲೆಂಡಿನದಾದರೆ GB ಎಂದು ಕೊನೆಯಾಗುತ್ತದೆ. ನೋಟಿಸಿನ ಸಂಖ್ಯೆಯೂ ಅದೇ ಆಗಿರಬೇಕು. ಇನ್ನು, ಕಸ್ಟಮ್ಸ್‌ನವರು ಯಾರ ವೈಯಕ್ತಿಕ ಖಾತೆಗೂ ಹಣ ಹಾಕಲು ಹೇಳುವುದಿಲ್ಲ. ಇವರ ಸುಂಕ ಅಂಚೆ ಕಚೇರಿಯ ಕೌಂಟರಿನಲ್ಲೇ ಕಟ್ಟುವುದು.

ಬೆಂಗಳೂರಿನವರು:
ನನ್ನದು ಕೊರಿಯರ್. ಅಲ್ಲಿ ಇನ್ನೂ ಬೇರೆ ಥರ. ಅವರೇ ಮೊದಲು ಸುಂಕ ಕಟ್ಟಿ, ಬಾಗಿಲಿಗೆ ಬಂದಾಗ ನಮ್ಮಿಂದ ವಸೂಲಿ ಮಾಡಿದರು. ಜೊತೆಗೆ ತಮ್ಮ ಸೇವಾಶುಲ್ಕ, ಅದರ ಮೇಲೆ ಜಿಎಸ್‌ಟಿ. ಆಧಾರ್ ಪ್ರತಿ ಕಳಿಸಿ ಎಂದು ಮೊದಲೇ ಇಮೇಲ್ ಬಂದಿತ್ತು, ನಾನು ಗಮನಿಸಲಿಲ್ಲ, ಒಂದು ವಾರ ಪೆಟ್ಟಿಗೆ ಅಲ್ಲೇ ಇತ್ತು. ಬಿಲ್ಲಿನಲ್ಲಿ ಸುಂಕ ಯಾವುದು, ಅವರ ಶುಲ್ಕ ಯಾವುದು ಎಂದು ಬೇರೆ ಬೇರೆ ನೋಡಿಕೊಳ್ಳಿ. ಎಲ್ಲವನ್ನೂ ‘ಟ್ಯಾಕ್ಸ್’ ಎಂದೇ ಬಾಯಲ್ಲಿ ಹೇಳಿಬಿಡುತ್ತಾರೆ.

ನಿವೃತ್ತರು:
ಅಮ್ಮನಿಗೆ ಕಳಿಸಲು ಇದನ್ನು ಬರೆದಿದ್ದೇನೆ. ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿ. ಬೇಕಿದ್ದರೆ ನಿಮ್ಮ ಮನೆಯ ಮಾತಿಗೆ ತಿದ್ದಿಕೊಳ್ಳಿ.

‘ಅಮ್ಮ, ಅಕ್ಕ ಕಳಿಸಿದ ಶಾಲು ನಮ್ಮೂರ ಅಂಚೆ ಕಚೇರಿಗೆ ಬಂದಿದೆ. ಹೊರದೇಶದಿಂದ ಬಂದದ್ದಕ್ಕೆ ಸರ್ಕಾರಕ್ಕೆ ಸುಂಕ ಕಟ್ಟಬೇಕು. ಇದು ದಂಡವಲ್ಲ. ಯಾರ ಮೇಲೂ ಕೇಸಿಲ್ಲ. ಕಟ್ಟಬೇಕಾದ್ದು 3,246 ರೂಪಾಯಿ. ಕಾಗದದ ಮೇಲಿನ 4,200 ಎಂಬುದು ಶಾಲಿನ ಬೆಲೆ ಮತ್ತು ಅಂಚೆ ಖರ್ಚು ಸೇರಿದ ಲೆಕ್ಕ, ಅದನ್ನು ನೀನು ಕೊಡಬೇಕಾಗಿಲ್ಲ. ಹೋಗುವಾಗ ಈ ಕಾಗದ, ಆಧಾರ್ ಕಾರ್ಡ್, ಅದರ ಒಂದು ಜೆರಾಕ್ಸ್ ಮತ್ತು ಹಣ ತೆಗೆದುಕೊಂಡು ಹೋಗು. ಕಾಗದದಲ್ಲಿ ಬರೆದ ಕೊನೆಯ ದಿನದೊಳಗೆ ಹೋಗು. ಹಣ ಕೊಟ್ಟ ಮೇಲೆ ರಸೀದಿ ತೆಗೆದುಕೋ. ಸಹಿ ಹಾಕುವ ಮೊದಲು ಪೊಟ್ಟಣ ತಿರುಗಿಸಿ ನೋಡು.’

ಕೊನೆಯ ಸಾಲು ಸುಮ್ನೆ ಬರೆದದ್ದಲ್ಲ. ಕಸ್ಟಮ್ಸ್‌ನವರು ಪೊಟ್ಟಣ ಬಿಚ್ಚಿ ನೋಡಿ ಮತ್ತೆ ಟೇಪು ಹಾಕಿರುತ್ತಾರೆ, ಅದು ಸಹಜ. ಆದರೆ ಟೇಪು ಕಿತ್ತು ಸಡಿಲವಾಗಿದ್ದರೆ, ತೂಕ ಮೇಲಿನ ಚೀಟಿಗಿಂತ ಕಡಿಮೆ ಎನಿಸಿದರೆ, ಸಹಿ ಹಾಕುವ ಮುಂಚೆಯೇ ಪೋಸ್ಟ್‌ಮಾಸ್ಟರ್ ಮುಂದೆ ತೂಗಿಸಿ ಬಿಚ್ಚಲು ಕೇಳಬೇಕು. ಸಹಿ ಹಾಕಿ ಮನೆಗೆ ತಂದ ಮೇಲೆ ಕೇಳಿದರೆ ಒಪ್ಪಿಸುವುದು ಕಷ್ಟ.

ಅಮ್ಮನಿಗೆ ಹೋಗಲು ಆಗದಿದ್ದರೆ, ‘ಇವರಿಗೆ ಕೊಡಿ’ ಎಂದು ಅವರೇ ಸಹಿ ಹಾಕಿದ ಚೀಟಿ, ಅವರ ಆಧಾರ್ ಜೆರಾಕ್ಸ್ ಮತ್ತು ಹೋಗುವವರ ಗುರುತಿನ ಚೀಟಿ ಬೇಕು.

ಧಾರವಾಡದವರು:
ಇಷ್ಟು ಸುಂಕ ಕೊಡೋಕೆ ಮನಸ್ಸಾಗಲ್ಲ. ಮೌಲ್ಯ ಜಾಸ್ತಿ ಹಾಕಿದ್ದಾರೆ ಎಂದು ಪ್ರಶ್ನೆ ಮಾಡಬಹುದಾ? ನನ್ನ ಹಳೆ ಪುಸ್ತಕಗಳಿಗೆ ಹೊಸ ಪುಸ್ತಕದ ಮೌಲ್ಯ ಹಾಕಿದ್ದರು.

ನಿವೃತ್ತರು:
ಮಾಡಬಹುದು, ಆದರೆ ತೆಗೆದುಕೊಳ್ಳುವ ಮೊದಲು. ಅಂಚೆ ಕಚೇರಿಯಲ್ಲಿ ‘ಮೌಲ್ಯಕ್ಕೆ ಆಕ್ಷೇಪವಿದೆ, ಪಾರ್ಸೆಲ್ ಇಟ್ಟುಕೊಳ್ಳಿ’ ಎಂದು ಬರೆದುಕೊಟ್ಟು, ಅಂಗಡಿಯ ಬಿಲ್ಲು, ಹಣ ಕೊಟ್ಟ ದಾಖಲೆ ಜೊತೆಗಿಡಬೇಕು. ಹೊರದೇಶದ ಅಂಚೆ ನೋಡಿಕೊಳ್ಳುವ ನಮ್ಮ ಅಂಚೆ ಕಚೇರಿಯ ಕಸ್ಟಮ್ಸ್‌ಗೆ ಅದು ಹೋಗುತ್ತದೆ. ಹಳೆಯ ವಸ್ತು ಎಂದು ಒಳಗೇನಿದೆ ಎಂದು ಕಸ್ಟಮ್ಸ್‌ಗೆ ತಿಳಿಸಲು ಪೊಟ್ಟಣದ ಮೇಲೆ ಅಂಟಿಸುವ ಸಿಎನ್ 22 ಚೀಟಿಯಲ್ಲೇ ಕಳಿಸುವವರು ಬರೆದಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಬರೀ ‘ಗಿಫ್ಟ್’ ಎಂದು ಬರೆದರೆ ಅಧಿಕಾರಿ ತಾನೇ ಅಂದಾಜು ಮಾಡುತ್ತಾನೆ. ಕಟ್ಟಿದ ಮೇಲೂ ಮರುಪಾವತಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಕೆಲವು ನೂರು ರೂಪಾಯಿಗೆ ಅಷ್ಟು ಓಡಾಡುವವರನ್ನು ನಾನು ಕಂಡದ್ದು ಕಡಿಮೆ.

ಧಾರವಾಡದವರು:
ನನಗೆ ಬಿಲ್ಲೇ ಇರಲಿಲ್ಲ. ಹಳೆ ಪುಸ್ತಕಕ್ಕೆ ಬಿಲ್ಲು ಎಲ್ಲಿಂದ ತರೋದು? ಅದಕ್ಕೆ ಯಾರೂ ಉತ್ತರ ಹೇಳಲಿಲ್ಲ.

ಕೇಳಿದವರು:
ಅಮ್ಮ ಇವತ್ತು ಬೆಳಿಗ್ಗೆ ತಾನೇ ಹೋಗಿ ತಂದಳು. ಕಾಗದ ಕೌಂಟರಿನವರ ಮುಂದಿಟ್ಟು ‘ಸುಂಕ ಕಟ್ಟೋಕೆ ಬಂದಿದ್ದೀನಿ’ ಎಂದಳಂತೆ. ಟೇಪು ಬಿಗಿಯಾಗಿತ್ತು. ಫೋಟೊ ಕಳಿಸಿದ್ದಾಳೆ, ಮಾರ್ಚಿನ ಬಿಸಿಲಲ್ಲಿ ಉಣ್ಣೆ ಶಾಲು ಹೊದ್ದು ಜಗುಲಿಯ ಮೇಲೆ ಕೂತಿದ್ದಾಳೆ. ರಸೀದಿಯನ್ನು ದೇವರ ಮನೆಯ ಡಬ್ಬಿಯಲ್ಲಿಟ್ಟಿದ್ದಾಳೆ.

ಬೆಂಗಳೂರಿನವರು (2026ರಲ್ಲಿ ಸೇರಿಸಿದ್ದು):
ಈಗ ಓದುವವರು ಶೇ 35, ಶೇ 28 ಎಂದು ಲೆಕ್ಕ ಹಾಕಬೇಡಿ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ದರಗಳು ಬದಲಾದವು. ಸ್ವಂತ ಬಳಕೆಯ ಸರಕಿನ ಮೂಲ ಸುಂಕ ಅಷ್ಟರಲ್ಲಿ ಶೇ 20ಕ್ಕೆ ಇಳಿದಿತ್ತು, ಅದನ್ನು 10ಕ್ಕೆ ಇಳಿಸುವುದಾಗಿ 2026ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ನಿಮ್ಮ ನೋಟಿಸಿನಲ್ಲಿರುವ ದರ ಹಿಡಿದು, ಸರ್ ಹೇಳಿದ ಕ್ರಮದಲ್ಲೇ ಕೂಡಿಸಿ ನೋಡಿ. ಐಜಿಎಸ್‌ಟಿಯನ್ನು ಮೌಲ್ಯ ಮತ್ತು ಸುಂಕ ಎರಡೂ ಸೇರಿದ ಮೊತ್ತದ ಮೇಲೆ ಹಾಕುವುದನ್ನು ಮರೆಯಬೇಡಿ.