ಶೇಷಪರ್ವತದ ಇಳಿಜಾರಿನಲ್ಲಿ ಕಾಲಿಗೆ ಪೆಟ್ಟಾದಾಗ

ಕೇಳಿದವರು: ಹತ್ತು ಜನರನ್ನು ಕುಕ್ಕೆ ಕಡೆಯಿಂದ ಕುಮಾರಪರ್ವತಕ್ಕೆ ಕರೆದುಕೊಂಡು ಹೋಗ್ತಿದ್ದೇನೆ. ಮೇಲೆ ಯಾರಿಗಾದರೂ ಪೆಟ್ಟಾದರೆ ಕೆಳಗೆ ತರೋದು ಹೇಗೆ? ಅನುಭವ ಇದ್ದವರು ಹೇಳಿ.

ತಂಡದ ನಾಯಕ: ಹೋದ ನವೆಂಬರ್‌ನಲ್ಲಿ ನಾವು ಎಂಟು ಜನ ಹೋಗಿದ್ದೆವು. ಮಳೆ ನಿಂತು ವಾರವಾಗಿತ್ತು. ಹತ್ತುವಾಗ ದಾರಿ ಚೆನ್ನಾಗೇ ಕಂಡಿತು. ಇಳಿಯುವಾಗ, ತುದಿಗಿಂತ ಮೊದಲು ಸಿಗುವ ಶೇಷಪರ್ವತಕ್ಕೂ ಅದರ ಕೆಳಗಿನ ಕಲ್ಲುಮಂಟಪಕ್ಕೂ ನಡುವೆ ಒಣಮಣ್ಣಿನ ಮೇಲೆ ಸಣ್ಣ ಜಲ್ಲಿ, ರಾಗಿ ಚೆಲ್ಲಿದ ಹಾಗೆ. ಮಧ್ಯಾಹ್ನ ಎರಡೂಕಾಲಿಗೆ ನಮ್ಮ ಹುಡುಗಿಯೊಬ್ಬಳು ಜಾರಿದಳು. ಪಾದ ಒಳಕ್ಕೆ ಮಡಚಿಕೊಂಡಿತು. ನಾಲ್ಕು ಹೆಜ್ಜೆ ಇಡಲೂ ಆಗಲಿಲ್ಲ, ಹಿಮ್ಮಡಿ ಗಂಟಿನ ಹೊರಗಡೆಯ ಮೂಳೆ ಮುಟ್ಟಿದರೆ ಕಿರುಚುತ್ತಿದ್ದಳು. ಆಗಲೇ ಇದು ಬರೀ ಉಳುಕಲ್ಲ ಅಂದುಕೊಂಡೆ.

ಶೂ ಬಿಚ್ಚಲಿಲ್ಲ, ಲೇಸ್ ಮಾತ್ರ ಸಡಿಲ ಮಾಡಿದೆ. ಮಲಗುವ ಫೋಮ್ ಚಾಪೆಯನ್ನು ಪಾದದಡಿಯಿಂದ ಮೊಣಕಾಲಿನ ಕೆಳಗಿನವರೆಗೆ ಸುತ್ತಿ ಕ್ರೇಪ್ ಬ್ಯಾಂಡೇಜ್ ಕಟ್ಟಿದೆವು. ಹದಿನೈದು ನಿಮಿಷಕ್ಕೊಮ್ಮೆ ಅವಳನ್ನು ಕೇಳೋದು: ಶೂ ಒಳಗೆ ಬೆರಳು ಅಲುಗಾಡುತ್ತಾ, ತಣ್ಣಗಾಗಿದೆಯಾ, ಜೋಮು ಹಿಡಿದಿದೆಯಾ ಅಂತ. ಒಮ್ಮೆ ಜೋಮು ಅಂದಳು, ಕಟ್ಟು ಸಡಿಲಿಸಿದೆವು.

ಫೋನಿಗೆ ಸಿಗ್ನಲ್ ಇರಲಿಲ್ಲ. ಇಬ್ಬರನ್ನು ಅರಣ್ಯ ಇಲಾಖೆ ಚೆಕ್‌ಪೋಸ್ಟಿಗೆ ಕಳಿಸಿದೆ. ಕೈಯಲ್ಲಿ ಚೀಟಿ: ಎಲ್ಲಿದ್ದೇವೆ, ಎಷ್ಟು ಹೊತ್ತಿಗೆ ಬಿದ್ದಳು, ಏನಾಗಿದೆ, ಎಷ್ಟು ಜನ ಇದ್ದೇವೆ. ಬಾಯಲ್ಲಿ ಹೇಳಿ ಕಳಿಸಿದರೆ ಓಡುವ ಗಾಬರಿಯಲ್ಲಿ ಅರ್ಧ ಮರೆತುಹೋಗುತ್ತೆ.

ಸಿಬ್ಬಂದಿ ಬರುವ ಹೊತ್ತಿಗೆ ಸಂಜೆಯಾಗಿತ್ತು. ಅಷ್ಟರಲ್ಲಿ ಗಾಳಿಗೆ ಅವಳು ನಡುಗತೊಡಗಿದ್ದಳು. ಜಾಕೆಟ್ ಮೇಲೆ ಹೊದಿಸಿದ್ದಷ್ಟೇ ಅಲ್ಲ, ಕೆಳಗೂ ಬ್ಯಾಗು ಹಾಸಿದೆವು. ಎರಡು ಗಳಕ್ಕೆ ಕಂಬಳಿ ಸುತ್ತಿ ಹೊತ್ತೆವು. ನಾಲ್ವರು ಹೊರುವುದು, ಒಬ್ಬ ಮುಂದೆ ಟಾರ್ಚ್ ಹಿಡಿಯುವುದು, ಹತ್ತು ನಿಮಿಷಕ್ಕೆ ಭುಜ ಬದಲು. ಚಾರಣಿಗರು ಊಟಕ್ಕೆ ನಿಲ್ಲುವ ಭಟ್ಟರ ಮನೆ ತಲುಪಿದಾಗ ರಾತ್ರಿ ಒಂಬತ್ತು. ಅಲ್ಲಿಂದ ಕೆಳಗೆ ಕಾಡಿನ ದಾರಿ, ಬೇರು, ಕಲ್ಲು. ಕತ್ತಲಲ್ಲಿ ಹೊತ್ತು ಇಳಿಯಬಾರದು ಅಂತ ಅಲ್ಲೇ ಉಳಿದೆವು. ಬೆರಳು ಬಿಸಿಯಾಗಿತ್ತು, ಅದಕ್ಕೇ ಕಾಯುವ ಧೈರ್ಯ ಬಂತು. ಬೆಳಿಗ್ಗೆ ಕುಕ್ಕೆಗೆ ಇಳಿಸಿ 108ರಲ್ಲಿ ಕಳಿಸಿದೆವು. ಎಕ್ಸ್‌ರೇಯಲ್ಲಿ ಹೊರಮೂಳೆ ಬಿರುಕು ಬಿಟ್ಟಿತ್ತು.

ಮಂಗಳೂರಿನವರು: ಶೂ ತೆಗೆದು ಎಣ್ಣೆ ಹಾಕಿ ತಿಕ್ಕಬೇಕಿತ್ತು ಸರ್. ಊತ ಇಳಿಯುತ್ತೆ. ಕಾಲು ಎತ್ತರದಲ್ಲಿ ಇಡಬೇಕು.

ತಂಡದ ನಾಯಕ: ಕಾಲು ಎತ್ತರದಲ್ಲಿ ಇಡೋದು ಸರಿ, ಇಟ್ಟಿದ್ದೆವು. ತಿಕ್ಕೋದು ಮಾತ್ರ ಬೇಡ. ಮೂಳೆ ಮುರಿದಿದ್ದರೆ ಅಲುಗಾಡಿ ಇನ್ನೂ ಕೆಡುತ್ತೆ. ಬೆರಳು ತಣ್ಣಗಾಗಿದ್ದರೆ ಆಗ ಶೂ ತೆಗೆಯಲೇಬೇಕಿತ್ತು.

ಹಾಸನದ ಅಕ್ಕ: ನನಗೂ ಅಲ್ಲೇ ಮಂಡಿ ನೋವು ಬಂದಿತ್ತು. ಊರುಗೋಲು ಎರಡು ತಗೊಳ್ಳಿ, ಇಂಬಳಕ್ಕೆ ಉಪ್ಪೂ ಇರಲಿ.

ಸೋಮವಾರಪೇಟೆಯವರು: ಬೆಟ್ಟದ ಆಚೆ ಬದಿಯ ಬೀದಳ್ಳಿ ಕಡೆ ಇಳಿಸಿದ್ದರೆ ದೂರ ಕಡಿಮೆ ಇತ್ತಲ್ವಾ?

ತಂಡದ ನಾಯಕ: ಕಡಿಮೆ ಹೌದು. ಆದರೆ ಮೊದಲು ಅವಳನ್ನು ಹೊತ್ತು ತುದಿಗೆ ಹತ್ತಬೇಕು, ಆಮೇಲೆ ಆ ಬಂಡೆ ಇಳಿಜಾರು. ತುದಿಯ ಹತ್ತಿರ ಬಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಈಗಲೂ ಯೋಚಿಸುತ್ತೇನೆ. ಆ ಬಂಡೆ ಮೇಲೆ ಹೊತ್ತು ಇಳಿಸಿದವರು ಇದ್ದರೆ ಹೇಳಿ.